ಒತ್ತಿ ಎನ್ನುವ ಹೊತ್ತಿಗೆ ಬೆರಳು

ದಾವಣಗೆರೆಯ ಒಂದು ಕಿರಾಣಿ ಅಂಗಡಿಯಲ್ಲಿ ಕೂತು, ಅಂಗಡಿಯ ಅಮ್ಮನಿಗೆ ನನ್ನ ಫೋನಿನಲ್ಲಿ ನಲವತ್ತು ಸೆಕೆಂಡಿನ ವಿಡಿಯೊ ತೋರಿಸಿದ್ದೆ. ಉದ್ರಿ ಲೆಕ್ಕ ಬರೆದಿಡುವ ಆ್ಯಪ್‌ ಒಂದಕ್ಕೆ ಹೊಸ ಸೌಲಭ್ಯ ಸೇರಿತ್ತು. ಬಾಕಿ ಉಳಿಸಿಕೊಂಡವರಿಗೆ ಗೊತ್ತಾದ ದಿನ ತಾನಾಗಿಯೇ ನೆನಪಿನ ಸಂದೇಶ ಹೋಗುತ್ತದೆ. ಅದನ್ನು ಪರಿಚಯಿಸುವ ವಿಡಿಯೊದ ಕನ್ನಡ ಮಾತು ಬರೆದವನು ನಾನು. ಅಮ್ಮ ಎರಡು ಸಲ ನೋಡಿದರು, ಮೂರನೇ ಸಲ ಬೆರಳಿನಿಂದ ಹಿಂದಕ್ಕೆ ಎಳೆದರು. ಆಮೇಲೆ ಹೇಳಿದರು: ‘ಸರ್, ಆಕಿ ನೆನಪಿಸು ಅನ್ನೋ ಹೊತ್ತಿಗೆ ಅದು ಹೋಗೇಬಿಟ್ಟಿರ್ತದಲ್ಲ, ಎಲ್ಲಿ ಅಂತ ನೋಡ್ಲಿ?’

ಅವರು ಹೇಳಿದ್ದು ಅಕ್ಷರಶಃ ನಿಜ. ಪರದೆಯ ಚಿತ್ರೀಕರಣ ಇಂಗ್ಲಿಷ್ ವಿಡಿಯೊಗೆಂದು ಮಾಡಿದ್ದು. ಅದರ ಮೇಲೆಯೇ ಕನ್ನಡ ಧ್ವನಿಯನ್ನು ಕೂರಿಸಿದ್ದರು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ‘ಟ್ಯಾಪ್ ರಿಮೈಂಡ್’ ಎಂದು ಶುರುವಾದ ಮುಕ್ಕಾಲು ಸೆಕೆಂಡಿನೊಳಗೆ ಬೆರಳು ಗುಂಡಿಯ ಮೇಲೆ ಬಿದ್ದಾಗಿರುತ್ತದೆ. ಕನ್ನಡದಲ್ಲಿ ನಾನು ಬರೆದಿದ್ದು ಹೀಗೆ: ‘ಕೆಳಗಿರುವ ನೆನಪಿಸು ಗುಂಡಿ ಒತ್ತಿದರೆ, ದಿನಾಂಕ ಕೇಳುತ್ತದೆ.’ ಮುಕ್ಕಾಲು ಸೆಕೆಂಡಿಗೆ ನಮ್ಮ ಧ್ವನಿ ಇನ್ನೂ ‘ಕೆಳಗಿರುವ’ ಮುಗಿಸಿರುವುದಿಲ್ಲ. ‘ನೆನಪಿಸು’ ಎನ್ನುವಾಗ ಪರದೆಯಲ್ಲಿ ಆ ಗುಂಡಿಯೇ ಇಲ್ಲ, ಕ್ಯಾಲೆಂಡರ್ ಬಂದು ಕೂತಿದೆ. ನೋಡುವವರ ಕಣ್ಣು ಇಲ್ಲದ ಗುಂಡಿಯನ್ನು ಹುಡುಕುತ್ತದೆ, ಅಷ್ಟರಲ್ಲಿ ಮುಂದಿನ ಮಾತು ಕೈತಪ್ಪುತ್ತದೆ.

ಆವತ್ತಿನಿಂದ ನಾನು ಇಂಥ ವಿಡಿಯೊಗಳ ಮಾತನ್ನು ಅಕ್ಷರ ಎಣಿಸಿ ಬರೆಯುತ್ತೇನೆ. ಛಂದಸ್ಸಿನ ಲೆಕ್ಕವಲ್ಲ, ಗುರು ಲಘು ನೋಡಬೇಕಿಲ್ಲ. ಉಚ್ಚಾರಕ್ಕೆ ಬರುವ ಅಕ್ಷರ ಎಷ್ಟು ಎಂದಷ್ಟೇ. ನಮಗೆ ಧ್ವನಿ ಕೊಡುವವರು ಹೇಳಿಕೊಡುವ ನಿಧಾನದಲ್ಲಿ ಓದಿದರೆ ಸೆಕೆಂಡಿಗೆ ಸುಮಾರು ಐದು ಅಕ್ಷರ ಆಗುತ್ತದೆ. ಒಬ್ಬೊಬ್ಬರ ವೇಗ ಒಂದೊಂದು, ಆದ್ದರಿಂದ ಅವರಿಂದಲೇ ಒಂದು ಪುಟ ಓದಿಸಿ ಗಡಿಯಾರ ಹಿಡಿದು ಅಳೆದುಕೊಳ್ಳಬೇಕು.

ಅದೇ ವಾಕ್ಯವನ್ನು ಬಿಡಿಸಿ ನೋಡೋಣ. ‘ಕೆಳಗಿರುವ’ ಐದು ಅಕ್ಷರ, ‘ನೆನಪಿಸು’ ನಾಲ್ಕು. ಇಲ್ಲಿಗೆ ಒಂಬತ್ತು, ಅಂದರೆ 1.8 ಸೆಕೆಂಡ್. ‘ಗುಂಡಿ’ ಎರಡು. ‘ಒತ್ತಿದರೆ’ಯ ‘ತ್ತಿ’ ಹದಿಮೂರನೆಯ ಅಕ್ಷರ. ಅದು ಶುರುವಾಗುವುದು 2.4 ಸೆಕೆಂಡಿಗೆ. ಬೆರಳು ಬೀಳಬೇಕಾದ್ದು ಅಲ್ಲಿ. ಗುಂಡಿಯ ಹೆಸರು ಕಿವಿಗೆ ಬಿದ್ದು ಮುಗಿದ ಮೇಲೆ ಬೆರಳು ಬೀಳುವ ತನಕ 0.6 ಸೆಕೆಂಡ್ ಸಿಗುತ್ತದೆ. ಹೊಸದೊಂದು ಜಾಗಕ್ಕೆ ಕಣ್ಣು ಹೊರಳಲು ಶುರುಮಾಡುವುದಕ್ಕೇ ಸುಮಾರು 0.2 ಸೆಕೆಂಡ್ ಬೇಕು, ಉಳಿದದ್ದು ಗುಂಡಿಯನ್ನು ಹುಡುಕಿ ಓದುವುದಕ್ಕೆ. ‘ಕೆಳಗಿರುವ’ ಎಂಬ ಪದ ಅದಕ್ಕೂ ಮೊದಲೇ ಕಣ್ಣನ್ನು ಪರದೆಯ ಕೆಳಭಾಗಕ್ಕೆ ತಂದು ನಿಲ್ಲಿಸಿರುತ್ತದೆ. ಎಲ್ಲಿ, ಯಾವುದು, ಏನು ಮಾಡಬೇಕು ಎಂಬ ಈ ಕ್ರಮವನ್ನು ಕನ್ನಡ ವಾಕ್ಯ ಸಹಜವಾಗಿಯೇ ಕೊಡುತ್ತದೆ. ಕಣ್ಣಿಗೆ ಬೇಕಾದ ಕ್ರಮವೂ ಅದೇ.

‘ಒತ್ತಿದರೆ’ ಎಂಬ ರೂಪದಿಂದ ಇನ್ನೊಂದು ಲಾಭವಿದೆ. ಬೆರಳು ಬಿದ್ದದ್ದು ‘ತ್ತಿ’ಯಲ್ಲಿ, ‘ದರೆ’ ಮುಗಿದು ‘ದಿನಾಂಕ’ ಶುರುವಾಗುವುದು ಮೂರನೇ ಸೆಕೆಂಡಿಗೆ. ನಡುವಿನ 0.6 ಸೆಕೆಂಡಿನಲ್ಲಿ ಕ್ಯಾಲೆಂಡರ್ ಮೇಲೇರಿ ಬಂದು ನಿಲ್ಲುತ್ತದೆ. ಧ್ವನಿ ‘ದಿನಾಂಕ’ ಎನ್ನುವಾಗ ದಿನಾಂಕ ಕಣ್ಣೆದುರೇ ಇರುತ್ತದೆ. ಅದೇ ಜಾಗದಲ್ಲಿ ‘ಗುಂಡಿ ಒತ್ತಿ’ ಎಂದು ವಾಕ್ಯ ಮುಗಿಸಿದರೆ ಒಂದು ನಿಲುಗಡೆ ಬೇಕಾಗುತ್ತದೆ. ಪರದೆ ಬದಲಾಗದ ಕಡೆ, ಉದಾಹರಣೆಗೆ ಒಂದು ಚೌಕಕ್ಕೆ ಗುರುತು ಹಾಕುವಾಗ, ಅದು ಸರಿಹೋಗುತ್ತದೆ. ಪರದೆ ಬದಲಾಗುವ ಕಡೆಯಲ್ಲೆಲ್ಲ ನಾನು ‘ದರೆ’ ಬಳಸುತ್ತೇನೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಪರದೆಯ ಮೇಲೆ ಏನು ಬರೆದಿದೆಯೋ ಧ್ವನಿ ಅದನ್ನೇ ಹೇಳಬೇಕು. ಗುಂಡಿಯ ಮೇಲೆ `Remind` ಎಂದಿದ್ದರೆ ‘ರಿಮೈಂಡ್ ಗುಂಡಿ’ ಎನ್ನಬೇಕು. ಅಲ್ಲಿ ಕನ್ನಡ ಪ್ರೀತಿಯಿಂದ ‘ನೆನಪಿಸು’ ಎಂದರೆ ನೋಡುವವರು ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ಹುಡುಕಬೇಕಾಗುತ್ತದೆ, ನಾವು ಕೊಟ್ಟ 0.6 ಸೆಕೆಂಡ್ ಅದಕ್ಕೆ ಸಾಲುವುದಿಲ್ಲ. ಕನ್ನಡ ಬೇಕೆಂದರೆ ಆ್ಯಪನ್ನೇ ಕನ್ನಡಕ್ಕೆ ಬದಲಿಸಿಕೊಂಡು ಚಿತ್ರೀಕರಿಸಬೇಕು. ನಾನು ಪ್ರತಿ ಸಲವೂ ಕೇಳುವುದು ಇದನ್ನೇ.

ಮಾತು ಬರೆದಾದ ಮೇಲೆ ಮೊದಲು ಆಗಬೇಕಾದ್ದು ಕಚ್ಚಾ ಧ್ವನಿ. ನಾನೇ ಫೋನಿಗೆ ಓದಿಟ್ಟುಕೊಳ್ಳುತ್ತೇನೆ, ಸ್ಟುಡಿಯೊ ಬೇಕಿಲ್ಲ. ಆ ಧ್ವನಿಯನ್ನು ಕಿವಿಗೆ ಹಾಕಿಕೊಂಡು ಇನ್ನೊಂದು ಫೋನಿನಲ್ಲಿ ಪರದೆ ಚಿತ್ರೀಕರಿಸುತ್ತಾ ಒತ್ತುತ್ತಾ ಹೋಗಬೇಕು. ಹೊಸಬರು ಇಲ್ಲಿ ‘ಒತ್ತಿ’ ಎಂದು ಕೇಳಿದ ಮೇಲೆ ಒತ್ತುತ್ತಾರೆ. ಕೇಳಿ ಕೈ ಆಡಿಸುವಷ್ಟರಲ್ಲಿ ಕಾಲು ಸೆಕೆಂಡ್ ಕಳೆದಿರುತ್ತದೆ, ಪ್ರತಿ ಒತ್ತೂ ತಡವಾಗುತ್ತದೆ. ಭಜನೆಯಲ್ಲಿ ತಾಳ ಹಾಕುವವರು ಪೆಟ್ಟು ಕೇಳಿ ಹಾಕುವುದಿಲ್ಲ, ಹಾಡಿನ ಜೊತೆಗೇ ಹಾಕುತ್ತಾರೆ. ಹಾಗೆ ಸಾಲನ್ನು ಬಾಯಿಪಾಠ ಮಾಡಿ, ಧ್ವನಿಯ ಜೊತೆ ತಾವೂ ಹೇಳಿಕೊಳ್ಳುತ್ತಾ ಒತ್ತಿದರೆ ಬೆರಳು ಜಾಗಕ್ಕೆ ಸರಿಯಾಗಿ ಬೀಳುತ್ತದೆ. ಒಂದೊಂದು ಒತ್ತಾದ ಮೇಲೂ ಎರಡು ಸೆಕೆಂಡ್ ಕೈ ಎತ್ತಿ ಸುಮ್ಮನಿರುವುದು ಒಳ್ಳೆಯದು. ಎಡಿಟಿಂಗ್ ಮಾಡುವಾಗ ಹೆಚ್ಚಿದ್ದನ್ನು ಕತ್ತರಿಸಬಹುದು, ಇಲ್ಲದ್ದನ್ನು ತರುವುದು ಕಷ್ಟ.

ಬೆರಳು ಎಲ್ಲಿ ಬಿತ್ತು ಎಂದು ಪರದೆ ತಾನಾಗಿ ತೋರಿಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ `Build number` ಎಂಬ ಸಾಲನ್ನು ಏಳು ಸಲ ಒತ್ತಿದರೆ `Developer options` ತೆರೆದುಕೊಳ್ಳುತ್ತದೆ, ಅದರಲ್ಲಿ `Show taps` ಎಂಬುದನ್ನು ಚಾಲೂ ಮಾಡಿದರೆ ಬೆರಳು ಮುಟ್ಟಿದಲ್ಲೆಲ್ಲ ಒಂದು ಚುಕ್ಕೆ ಕಾಣುತ್ತದೆ. ಆದರೆ ನಾವು ಸಹಜವಾಗಿ ಒತ್ತುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊದಲ್ಲಿ ಅದು ಮೂರೇ ಫ್ರೇಮ್, ಕಣ್ಣಿಗೆ ಸಿಗುವುದಿಲ್ಲ. ಕಾಲು ಸೆಕೆಂಡ್ ಇಟ್ಟು ತೆಗೆಯಬೇಕು. ಅರ್ಧ ಸೆಕೆಂಡಿನ ಹತ್ತಿರಕ್ಕೆ ಹೋದರೆ ಫೋನು ಅದನ್ನು ‘ಒತ್ತಿ ಹಿಡಿದದ್ದು’ ಎಂದು ತಿಳಿದು ಬೇರೇನೋ ತೆರೆದುಬಿಡುತ್ತದೆ. ಐಫೋನಿನ ಪರದೆ ಚಿತ್ರೀಕರಣದಲ್ಲಿ ಚುಕ್ಕೆ ಬರುವುದಿಲ್ಲ, ಎಡಿಟಿಂಗ್‌ನಲ್ಲಿ ವೃತ್ತ ಬರೆದು ಸೇರಿಸಬೇಕು. ನಾನು ಈಗ ಎರಡಕ್ಕೂ ಹಾಗೆಯೇ ಮಾಡುತ್ತೇನೆ. ವೃತ್ತ ಎಷ್ಟು ಹೊತ್ತು ಇರಬೇಕು, ಎಷ್ಟು ದೊಡ್ಡದಿರಬೇಕು ಎಂಬುದು ಆಗ ನಮ್ಮ ಕೈಯಲ್ಲಿರುತ್ತದೆ.

ಇಲ್ಲಿಯ ತನಕ ಎಲ್ಲ ಸರಿಯಿದ್ದೂ ಕೊನೆಗೆ ಕೈಕೊಡುವ ಸಂಗತಿ ಒಂದಿದೆ. ಟೈಮ್‌ಲೈನಿನಲ್ಲಿ ಧ್ವನಿ ಕೂರಿಸಿದಾಗ ಮೊದಲ ಒತ್ತು ಕರಾರುವಾಕ್ಕಾಗಿರುತ್ತದೆ, ಎರಡನೆಯದು ಸ್ವಲ್ಪ ಸರಿದಿರುತ್ತದೆ, ನಾಲ್ಕನೆಯದು ಅರ್ಧ ಸೆಕೆಂಡ್ ಆಚೆ. ನಮ್ಮ ಬೆರಳು ತಪ್ಪಿತೆಂದು ಮತ್ತೆ ಚಿತ್ರೀಕರಿಸಿದರೂ ಹಾಗೇ. ದೋಷ ಬೆರಳಿನದಲ್ಲ. ಫೋನು ಪರದೆಯನ್ನು ಸಮ ಗತಿಯಲ್ಲಿ ಸೆರೆಹಿಡಿಯುವುದಿಲ್ಲ. ಪರದೆ ಅಲುಗಾಡುವಾಗ ಹೆಚ್ಚು ಫ್ರೇಮ್, ಸುಮ್ಮನಿರುವಾಗ ತೀರ ಕಡಿಮೆ. ಎಲ್ಲ ಫ್ರೇಮ್‌ಗಳೂ ಸಮ ಅಂತರದಲ್ಲಿವೆ ಎಂದು ನಂಬುವ ಎಡಿಟಿಂಗ್ ತಂತ್ರಾಂಶ ಅವನ್ನು ಜೋಡಿಸುವಾಗ ಕಾಲ ಸರಿಯುತ್ತದೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಕಡತವನ್ನು ತೆರೆದಾಗ `Frame rate mode` ಎದುರು `Variable` ಎಂದು ಬಂದರೆ ಕಾರಣ ಅದೇ. ಎಡಿಟಿಂಗ್‌ಗೆ ಹಾಕುವ ಮೊದಲೇ ಎಫ್‌ಎಫ್‌ಎಂಪೆಗ್‌ನಲ್ಲಿ ಸಮಗತಿಗೆ ತಂದುಕೊಳ್ಳಬೇಕು:

```
ffmpeg -i raw.mp4 -vf fps=30 -c:v libx264 -crf 16 fixed.mp4
```

ಇದನ್ನು ತಿಳಿಯುವ ಮೊದಲು ನಾನು ಒಂದೇ ದೃಶ್ಯವನ್ನು ಹನ್ನೊಂದು ಸಲ ಚಿತ್ರೀಕರಿಸಿದ್ದೇನೆ.

ಆಮೇಲೆ ಕಲಾವಿದರ ಅಂತಿಮ ಧ್ವನಿ ಬರುತ್ತದೆ. ಅದು ಕಚ್ಚಾ ಧ್ವನಿಗಿಂತ ಅಲ್ಲಲ್ಲಿ ಉದ್ದ, ಅಲ್ಲಲ್ಲಿ ಗಿಡ್ಡ. ಧ್ವನಿಯನ್ನು ಎಳೆದು ಹೊಂದಿಸಬಾರದು, ಚಿತ್ರವನ್ನೇ ಧ್ವನಿಗೆ ಹೊಂದಿಸಬೇಕು. ‘ಒತ್ತಿ’ ಎಂಬ ಪದ ಇಲ್ಲಿ ತುಂಬ ಸಹಾಯ ಮಾಡುತ್ತದೆ. ಟೈಮ್‌ಲೈನಿನಲ್ಲಿ ಧ್ವನಿಯ ಅಲೆಗಳನ್ನು ಹಿಗ್ಗಿಸಿ ನೋಡಿದರೆ ‘ಒ’ ಆದ ಮೇಲೆ ಒಂದು ಸಣ್ಣ ಖಾಲಿ ಜಾಗ ಕಾಣುತ್ತದೆ. ‘ತ್ತ’ ಒತ್ತಕ್ಷರಕ್ಕೆ ನಾಲಗೆ ಹಲ್ಲಿಗೆ ತಾಗಿ ಉಸಿರನ್ನು ಕ್ಷಣಕಾಲ ತಡೆದ ಗುರುತು ಅದು. ಅದರ ಮುಂದೆ ಚೂಪಾಗಿ ಎದ್ದ ಗೆರೆಯೇ ನಾಲಗೆ ಬಿಟ್ಟ ಕ್ಷಣ. ವೃತ್ತ ಕಾಣಿಸಿಕೊಳ್ಳುವ ಫ್ರೇಮನ್ನು ನಾನು ಆ ಗೆರೆಗೆ ಕೂರಿಸುತ್ತೇನೆ. ‘ಆರಿಸಿ’ಯಂಥ ಪದದಲ್ಲಿ ಇಂಥ ಅಂಚು ಸಿಗುವುದಿಲ್ಲ, ಅಂದಾಜಿನ ಮೇಲೆ ಹೋಗಬೇಕು.

ಧ್ವನಿ ಉದ್ದವಾದಲ್ಲಿ ಒತ್ತುವ ಮೊದಲಿನ ಸ್ಥಿರ ಪರದೆಯ ಒಂದು ಫ್ರೇಮನ್ನು ಹಿಗ್ಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೀಲಿಮಣೆ ಮೇಲೇರುತ್ತಿರುವಾಗಲೋ ಅಕ್ಷರ ಬರೆಯುವ ಗೆರೆ ಮಿನುಗುತ್ತಿರುವಾಗಲೋ ಹಿಗ್ಗಿಸಿದರೆ ಫೋನು ಕೆಟ್ಟು ನಿಂತಂತೆ ಕಾಣುತ್ತದೆ. ಕೊನೆಯ ‘ಕಳುಹಿಸು’ ಒತ್ತಿದ ಮೇಲೆ ನಮ್ಮ ಚಿತ್ರೀಕರಣದಲ್ಲಿ ಸಂದೇಶ ಹೋಗಲು ಮೂರು ಸೆಕೆಂಡ್ ಹಿಡಿದಿತ್ತು. ಅದನ್ನು ಒಂದು ಸೆಕೆಂಡಿಗೆ ಇಳಿಸಿದೆ, ಪೂರ್ತಿ ತೆಗೆಯಲಿಲ್ಲ. ಚಕ್ರ ತಿರುಗುವುದನ್ನೇ ತೋರಿಸದಿದ್ದರೆ ಅಂಗಡಿಯಲ್ಲಿ ಕೂತವರು ಅದು ತಿರುಗುವಾಗ ಹೋಗಲಿಲ್ಲವೆಂದು ಇನ್ನೊಮ್ಮೆ ಒತ್ತುತ್ತಾರೆ, ಸಾಲಗಾರನಿಗೆ ಎರಡು ಸಂದೇಶ ಹೋಗುತ್ತದೆ.

ಕೆಲವರು ಒತ್ತಿಗೆ ‘ಟಕ್’ ಎಂಬ ಸಣ್ಣ ಸದ್ದು ಸೇರಿಸುತ್ತಾರೆ. ಸೇರಿಸುವುದಾದರೆ ಅದು ವೃತ್ತಕ್ಕಿಂತ ಮೊದಲು ಬರಕೂಡದು. ಟಿವಿ ಪ್ರಸಾರದಲ್ಲಿ ಚಿತ್ರಕ್ಕೂ ಸದ್ದಿಗೂ ಇರುವ ಅಂತರದ ಬಗ್ಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನಲ್ಲಿ ಒಂದು ಅಳತೆ ಇದೆ. ಸದ್ದು 45 ಮಿಲಿಸೆಕೆಂಡ್ ಮುಂದಾದರೆ ಜನರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರ ತನಕ ಗೊತ್ತಾಗುವುದಿಲ್ಲ. ನಮ್ಮ 30 ಫ್ರೇಮ್ ಲೆಕ್ಕದಲ್ಲಿ ಮುಂದಕ್ಕೆ ಒಂದೇ ಫ್ರೇಮಿನ ಅವಕಾಶ, ಹಿಂದಕ್ಕೆ ಮೂರು. ಮಿಂಚು ಕಂಡ ಮೇಲೆ ಗುಡುಗು ಕೇಳಿ ರೂಢಿಯಾದ ಕಿವಿ ನಮ್ಮದು.

ಎಲ್ಲ ಮುಗಿದ ಮೇಲೆ ನಾನು ಮಾಡುವ ಪರೀಕ್ಷೆ ಸರಳ. ಆ್ಯಪನ್ನು ಎಂದೂ ನೋಡದವರಿಗೆ ವಿಡಿಯೊ ಹಾಕಿ, ಮುಂದಿನ ಒತ್ತು ಎಲ್ಲಿ ಬೀಳುತ್ತದೋ ಅಲ್ಲಿ ಬೆರಳು ತೋರಿಸಿ ಎನ್ನುತ್ತೇನೆ. ಅವರ ಬೆರಳು ವೃತ್ತಕ್ಕಿಂತ ಮೊದಲು ಅಲ್ಲಿಗೆ ತಲುಪಿದರೆ ಸಾಲು ಸರಿಯಾಗಿದೆ. ವೃತ್ತ ಕಂಡ ಮೇಲೆ ತಲುಪಿದರೆ ಗುಂಡಿಯ ಹೆಸರು ತಡವಾಗಿ ಬಂದಿದೆ, ಆ ಸಾಲನ್ನು ಮತ್ತೆ ಬರೆಯುತ್ತೇನೆ. ದಾವಣಗೆರೆಯ ಅಮ್ಮನ ಬೆರಳು ಹೊಸ ವಿಡಿಯೊದಲ್ಲಿ ನಾಲ್ಕರಲ್ಲಿ ಮೂರು ಕಡೆ ಮೊದಲೇ ತಲುಪಿತು. ತಾರೀಕು ಆರಿಸುವ ಕಡೆ ಮಾತ್ರ ತಡವಾಯಿತು. ಕ್ಯಾಲೆಂಡರಿನ ಮೂವತ್ತು ಅಂಕಿಗಳ ನಡುವೆ ಐದನ್ನು ಹುಡುಕಲು 0.6 ಸೆಕೆಂಡ್ ಯಾರಿಗೂ ಸಾಲದು. ಅಲ್ಲಿ ‘ಸಂಬಳದ ದಿನ ನೋಡಿಕೊಂಡು’ ಎಂದು ಸೇರಿಸಿ, ತಾರೀಕು ಹೇಳಿದ ಮೇಲೂ ಒಂದು ಸೆಕೆಂಡ್ ಬಿಟ್ಟೆ.

ಆ ವಿಡಿಯೊದ ಚಿತ್ರೀಕರಣವೇ ಆಮೇಲೆ ತೆಲುಗು, ತಮಿಳು, ಹಿಂದಿಗೂ ಹೋಯಿತು. ಆ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುವುದರಿಂದ ಅಲ್ಲೊಂದು ಇಲ್ಲೊಂದು ಫ್ರೇಮ್ ಹಿಗ್ಗಿಸಿದ್ದು ಬಿಟ್ಟರೆ ಹೆಚ್ಚು ಕೆಲಸ ಬೀಳಲಿಲ್ಲ. ಹೊಂದದೆ ಉಳಿದದ್ದು ಇಂಗ್ಲಿಷ್. ಅದನ್ನು ಬರೆದ ಗೆಳತಿ ಒಂದು ಸಂಜೆ ಕೂತು ಪ್ರತಿ ಸಾಲನ್ನೂ ಎರಡಾಗಿ ಒಡೆದಳು: ಗುಂಡಿ ಎಲ್ಲಿದೆ, ಅದರ ಹೆಸರೇನು ಎಂಬುದು ಒಂದು ವಾಕ್ಯ, ಒತ್ತಿ ಎಂಬುದು ಇನ್ನೊಂದು.