ಓಟಗಾರನ ನಿಧಾನ ನಾಡಿ: ಅಭ್ಯಾಸದ ಫಲವೋ, ರೋಗದ ಲಕ್ಷಣವೋ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದ ಬಳಿಕ ನಾಡಿನಾದ್ಯಂತ ಅನೇಕರು ಹೃದಯ ಪರೀಕ್ಷೆಗೆ ಧಾವಿಸಿದರು. ವ್ಯಾಯಾಮವೇ ಅಪಾಯವೆಂಬ ಅಂಜಿಕೆ ಮನೆಮನೆಗಳಲ್ಲಿ ನೆಲೆಸಿತು. ಆ ಅಂಜಿಕೆಗೆ ಇನ್ನಷ್ಟು ಇಂಬು ಕೊಡುವಂಥ ವರದಿಯೊಂದು ನಮ್ಮ ಭಾಗದ ಯುವಕರ ಕೈಗೆ ಆಗಾಗ ಬರುವುದುಂಟು. ಅದರ ಅರ್ಥವನ್ನು ಇಲ್ಲಿ ವಿವರಿಸುತ್ತೇವೆ.

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ನಸುಕಿನಲ್ಲೇ ಎದ್ದು ಏರಿಳಿವಿನ ರಸ್ತೆಗಳಲ್ಲಿ ಓಡುವ ಹುಡುಗರನ್ನು ಕಾಣುತ್ತೇವೆ. ಪೊಲೀಸ್ ಅಥವಾ ಸೈನ್ಯದ ಭರ್ತಿಯ ಓಟಕ್ಕೆ ಅವರು ಸಿದ್ಧರಾಗುತ್ತಿರುತ್ತಾರೆ. ಅಂಥ 22 ವರ್ಷದ ಒಬ್ಬನನ್ನು ಊಹಿಸಿಕೊಳ್ಳೋಣ. ಮೂರು ವರ್ಷಗಳಿಂದ ದಿನವೂ ಒಂದೂವರೆ ಗಂಟೆ ಓಡುತ್ತಿದ್ದಾನೆ. ಯಾವ ತೊಂದರೆಯೂ ಇಲ್ಲ. ಪರೀಕ್ಷೆಯಲ್ಲಿ ನಾಡಿ ನಿಮಿಷಕ್ಕೆ 48 ಎಂದು ಬರುತ್ತದೆ. ಎಕೋ ಪರೀಕ್ಷೆಯಲ್ಲಿ ಹೃದಯದ ಎಡ ಕೆಳಕೋಣೆಯ ಗೋಡೆ 13 ಮಿಲಿಮೀಟರ್ ದಪ್ಪವೆಂದು ಬರೆಯುತ್ತಾರೆ. ಸಾಮಾನ್ಯವಾಗಿ ಇದು 11 ಮಿಲಿಮೀಟರನ್ನು ಮೀರುವುದಿಲ್ಲ. ತಾಯಿತಂದೆಯರು ಕಂಗಾಲಾಗುತ್ತಾರೆ.

ಮೊದಲು ನಾಡಿಯನ್ನು ನೋಡೋಣ. ವಿಶ್ರಾಂತಿಯಲ್ಲಿರುವ ದೇಹಕ್ಕೆ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಸಾಕು. ಸಾಮಾನ್ಯ ಹೃದಯ ಒಂದು ಬಡಿತಕ್ಕೆ 70 ಮಿಲಿಲೀಟರ್ ನೂಕಿದರೆ 70 ಬಡಿತಗಳು ಬೇಕಾಗುತ್ತವೆ. ಅಭ್ಯಾಸದಿಂದ ಕೋಣೆ ಹಿಗ್ಗಿದ ಹೃದಯ ಒಮ್ಮೆಗೆ 100 ಮಿಲಿಲೀಟರ್ ನೂಕಬಲ್ಲದು. ಆಗ 48 ಬಡಿತಗಳಲ್ಲಿ ಅದೇ ಕೆಲಸ ಮುಗಿಯುತ್ತದೆ. ಈ ನಿಧಾನ ದೌರ್ಬಲ್ಯವಲ್ಲ. ಇದನ್ನು ಖಚಿತಪಡಿಸಿಕೊಳ್ಳುವ ಬಗೆಯೂ ಸರಳ: ಹುಡುಗನನ್ನು ನಾಲ್ಕು ಬಾರಿ ಮೆಟ್ಟಿಲು ಹತ್ತಿಸಿ ಇಳಿಸಿದರೆ ನಾಡಿ ಚುರುಕಾಗಿ ಏರಬೇಕು, ಕುಳಿತ ಮೇಲೆ ಬೇಗನೆ ಇಳಿಯಬೇಕು. ಆದರೆ ಎಂದೂ ಓಡದ 68 ವರ್ಷದ ಹಿರಿಯರ ನಾಡಿ 42 ಇದ್ದು, ನಡೆದರೂ ಏರದೆ ತಲೆ ಸುತ್ತುತ್ತಿದ್ದರೆ ಈ ಸಮಾಧಾನ ಅವರಿಗೆ ಸಲ್ಲದು. ಅದು ಹೃದಯದ ವಿದ್ಯುತ್ ವ್ಯವಸ್ಥೆಯ ದೋಷವಿರಬಹುದು, ರಕ್ತದೊತ್ತಡದ ಮಾತ್ರೆಯ ಪರಿಣಾಮವೂ ಇರಬಹುದು.

ಗೋಡೆಯ ದಪ್ಪದ ವಿಷಯ ಇಷ್ಟು ಸುಲಭವಲ್ಲ. ಕಠಿಣ ಅಭ್ಯಾಸದಲ್ಲಿ ಹೃದಯದ ಸ್ನಾಯು ತೋಳಿನ ಸ್ನಾಯುವಿನಂತೆಯೇ ಬಲಿಯುತ್ತದೆ. ಆದರೆ ವಂಶಪಾರಂಪರ್ಯವಾಗಿ ಬರುವ ಒಂದು ರೋಗದಲ್ಲಿಯೂ ಗೋಡೆ ದಪ್ಪವಾಗುತ್ತದೆ. ಸುಮಾರು 500 ಜನರಲ್ಲಿ ಒಬ್ಬರಿಗಿರುವ ಈ ರೋಗಕ್ಕೆ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ ಎಂದು ಹೆಸರು. ಆಟದ ಮೈದಾನದಲ್ಲಿ ಎಳೆಯರ ಹಠಾತ್ ಸಾವಿಗೆ ಇದೂ ಒಂದು ಕಾರಣ. 13ರಿಂದ 15 ಮಿಲಿಮೀಟರ್‌ವರೆಗಿನ ದಪ್ಪ ಎರಡರಲ್ಲೂ ಕಾಣಬಹುದಾದ್ದರಿಂದ ಆ ಅಂಕಿಯೊಂದೇ ತೀರ್ಪು ಕೊಡಲಾರದು.

ಆಗ ತಜ್ಞರು ಕೋಣೆಯ ಅಗಲವನ್ನು ನೋಡುತ್ತಾರೆ. ಓಟಗಾರನಲ್ಲಿ ಗೋಡೆಯ ಜೊತೆಗೆ ಕೋಣೆಯೂ ದೊಡ್ಡದಾಗಿರುತ್ತದೆ, ಅನೇಕ ವೇಳೆ 55 ಮಿಲಿಮೀಟರ್ ಮೀರುತ್ತದೆ. ರೋಗದಲ್ಲಿ ದಪ್ಪಗಾದ ಗೋಡೆ ಒಳಕ್ಕೆ ಒತ್ತಿ ಕೋಣೆ ಕಿರಿದಾಗುತ್ತದೆ, ಎಷ್ಟೋ ವೇಳೆ 45ಕ್ಕಿಂತ ಕೆಳಗೆ. ಓಟಗಾರನ ಗೋಡೆ ಬಹುಮಟ್ಟಿಗೆ ಸಮನಾಗಿ ದಪ್ಪವಾಗಿದ್ದು, ಬಡಿತಗಳ ನಡುವೆ ಚೆನ್ನಾಗಿ ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುತ್ತದೆ. ರೋಗಿಯ ಗೋಡೆ ಹೆಚ್ಚಾಗಿ ಎರಡು ಕೋಣೆಗಳ ನಡುವಿನ ಭಾಗದಲ್ಲೇ ಉಬ್ಬಿ, ಬಿಗಿಯಾಗಿ ಉಳಿಯುತ್ತದೆ. ಇಸಿಜಿಯ ರೇಖೆಗಳೂ ಸಾಕ್ಷಿ ನುಡಿಯುತ್ತವೆ. ಎತ್ತರದ ಅಲೆಗಳು ಅಭ್ಯಾಸದಿಂದಲೂ ಬರಬಹುದು. ಎಡಬದಿಯ ಲೀಡ್‌ಗಳಲ್ಲಿ ಟಿ ಅಲೆ ತಲೆಕೆಳಗಾಗಿದ್ದರೆ ಅದನ್ನು ಅಭ್ಯಾಸದ ಲೆಕ್ಕಕ್ಕೆ ಬರೆಯಬಾರದು.

ನಮ್ಮ ಉದಾಹರಣೆಯ ಯುವಕನ ಕೋಣೆ 57 ಮಿಲಿಮೀಟರ್ ಇದ್ದು, ಗೋಡೆ ಸಮನಾಗಿ ಸಡಿಲಗೊಳ್ಳುತ್ತಿದ್ದು, ಇಸಿಜಿಯಲ್ಲೂ ದೋಷವಿಲ್ಲದಿದ್ದರೆ ಅದು ಬಹುಶಃ ಓಟದ ಹೃದಯವೇ. ಕೋಣೆ 50 ಇದ್ದರೆ ಸಂಶಯ ಉಳಿಯುತ್ತದೆ. ಆಗ ಎಂಆರ್‌ಐ ಮಾಡಿಸಬಹುದು, ಇಲ್ಲವೆ ಮೂರು ತಿಂಗಳು ಓಟ ನಿಲ್ಲಿಸಿ ಮತ್ತೆ ಎಕೋ ಮಾಡಿಸಬೇಕು. ಅಭ್ಯಾಸದಿಂದ ಬಂದ ದಪ್ಪ ಕರಗುತ್ತದೆ, ರೋಗದ ದಪ್ಪ ಉಳಿಯುತ್ತದೆ. ಭರ್ತಿಯ ದಿನ ಹತ್ತಿರವಿರುವಾಗ ಮೂರು ತಿಂಗಳು ಸುಮ್ಮನಿರುವುದೆಂದರೆ ಹುಡುಗನ ಪಾಲಿಗೆ ಒಂದು ವರ್ಷವೇ ಹೋದಂತೆ, ನಿಜ. ಆದರೂ ಸಂಶಯ ತೀರದೆ ಓಡಿಸಲಾಗದು.

ಕೂಲಿ ಅಥವಾ ತೋಟದ ಕೆಲಸ ಮಾಡುವವರ ಗೋಡೆ ದಪ್ಪವಾಗಿದ್ದರೆ ಅದನ್ನು ದುಡಿಮೆಗೆ ಹೊರಿಸುವ ಮೊದಲು ರಕ್ತದೊತ್ತಡವನ್ನು ನೋಡಬೇಕು. ಬಹಳ ಸಲ ಕಾರಣ ಅಲ್ಲೇ ಇರುತ್ತದೆ. ಇನ್ನು 35 ದಾಟಿದವರಲ್ಲಿ ವ್ಯಾಯಾಮದ ವೇಳೆಯ ಹಠಾತ್ ಸಾವಿಗೆ ಹೆಚ್ಚಾಗಿ ಕಾರಣವಾಗುವುದು ಗೋಡೆಯ ದಪ್ಪವಲ್ಲ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಅಡಚಣೆ. ನಿಧಾನ ನಾಡಿ ಆ ಅಡಚಣೆ ಇಲ್ಲವೆಂಬುದಕ್ಕೆ ಪ್ರಮಾಣವಾಗದು.

ಯಾವ ವರದಿಗೂ ಕಾಯದೆ ಓಟ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಓಡುತ್ತಿರುವಾಗಲೇ ಪ್ರಜ್ಞೆ ತಪ್ಪಿ ಬಿದ್ದರೆ, ಓಟದಲ್ಲಿ ಎದೆ ಹಿಡಿದುಕೊಂಡರೆ, ಅಥವಾ ಒಡಹುಟ್ಟಿದವರು, ಹೆತ್ತವರಲ್ಲಿ ಯಾರಾದರೂ ಐವತ್ತರೊಳಗೆ ಕಾರಣ ತಿಳಿಯದೆ ಹಠಾತ್ತನೆ ತೀರಿಕೊಂಡಿದ್ದರೆ, ಅದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಬೇಕು. ರೋಗವೆಂದು ಖಚಿತವಾದರೆ ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಎಕೋ ಮತ್ತು ಇಸಿಜಿ ಮಾಡಿಸಬೇಕಾಗುತ್ತದೆ. ಏಕೆಂದರೆ ಅವರಲ್ಲಿ ಪ್ರತಿಯೊಬ್ಬರಿಗೂ ಆ ದೋಷ ಬಂದಿರುವ ಸಾಧ್ಯತೆ ಸುಮಾರು ಅರ್ಧದಷ್ಟು.