ಡಬ್ಬಿ ಬೆಲೆ ಬಿಡಿ, ಗೋಡೆ ಲೆಕ್ಕ ಹಿಡೀರಿ!

ಹುತ್ತೂರಿನಿಂದ ಬಸ್ಸು ಹತ್ತಿ ಕೋಲಾರಕ್ಕೆ ಬಂದು ಬಣ್ಣದ ಅಂಗಡಿ ಮೆಟ್ಟಿಲು ತುಳಿದವರು ಮೊದಲು ಕೇಳೋದು ಒಂದೇ ಮಾತು: 'ಲೀಟರಿಗೆ ಎಷ್ಟಣ್ಣಾ?' ಅಲ್ಲೇ ನೋಡಿ ಜೇಬಿಗೆ ತೂತು ಬೀಳೋದು. ನಾವು ಬಳಿಯೋದು ಲೀಟರಿಗಲ್ಲ ಸ್ವಾಮಿ, ಚದರ ಅಡಿಗೆ!

ಒಂದು ರೂಮಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಲೆಕ್ಕಕ್ಕೆಂದು ಎರಡು ಡಬ್ಬಿ ಎದುರಿಗಿಡೋಣ. ಒಂದರ ಬೆಲೆ ಲೀಟರಿಗೆ 200 ರೂಪಾಯಿ. ಎರಡು ಕೋಟಿಗೆ 80 ಚದರ ಅಡಿ ಬರುತ್ತೆ. ಇನ್ನೊಂದು 280 ರೂಪಾಯಿ. ಅದು ಎರಡು ಕೋಟಿಗೆ 135 ಚದರ ಅಡಿ ಬರುತ್ತೆ. ಮೊದಲನೆಯದು 5 ಲೀಟರ್ ಬೇಕು, 1000 ರೂಪಾಯಿ. ಎರಡನೆಯದು 3 ಲೀಟರ್ ಸಾಕು, 840 ರೂಪಾಯಿ. ದುಬಾರಿ ಅಂತ ಬಿಟ್ಟು ಬಂದ ಡಬ್ಬಿಯೇ 160 ರೂಪಾಯಿ ಉಳಿಸಿತು! ತೆಳು ಬಣ್ಣ ಹಳೇ ಬಣ್ಣವನ್ನು ಮುಚ್ಚದೆ ಮೂರನೇ ಕೋಟು ಕೇಳಿದರೆ ಕೂಲಿಯೂ ಏರಿತು.

ಇಲ್ಲೊಂದು ಮಸಲತ್ತು ಇದೆ. ಡಬ್ಬಿ ಮೇಲಿನ ಅಳತೆ ಒಂದು ಕೋಟಿಗೋ ಎರಡು ಕೋಟಿಗೋ ಓದಿ ನೋಡಿ. ಅದೂ ನುಣುಪಾದ, ಪ್ರೈಮರ್ ಬಳಿದ ಗೋಡೆಯ ಲೆಕ್ಕ. ಅಂಗೈಯಿಂದ ಗೋಡೆ ಉಜ್ಜಿ. ಬಿಳಿ ಪುಡಿ ಅಂಟಿದರೆ ಹಳೇ ಸುಣ್ಣ, ಡಿಸ್ಟೆಂಪರ್ ಕೆರೆದು ಪ್ರೈಮರ್ ಹಾಕದೆ ಯಾವ ಕಂಪನಿ ಬಣ್ಣವೂ ನಿಲ್ಲೋದಿಲ್ಲ. ನೀರು ಹೆಚ್ಚು ಬೆರೆಸಿದರೂ ಅಳತೆ ಸುಳ್ಳಾಗುತ್ತೆ. ಡಬ್ಬಿ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ, ಮೇಸ್ತ್ರಿಯ ಮುಂದೆ ನಿಂತು ಅಳೆಸಿ.

ಕಂಪನಿ ಕಂಪನಿ ತೂಗುವಾಗ ಒಂದೇ ಮೆಟ್ಟಿಲಿನ ಮಾಲನ್ನು ತೂಗಬೇಕು. ಏಷ್ಯನ್ ಪೇಂಟ್ಸ್‌ನ ಟ್ರ್ಯಾಕ್ಟರ್ ಎಮಲ್ಷನ್ನಿಗೆ ಬರ್ಜರ್‌ನ ಬೈಸನ್ ಜೋಡಿ. ರಾಯಲ್‌ಗೆ ಸಿಲ್ಕ್ ಜೋಡಿ. ಒಂದರ ಕೆಳಗಿನ ಮಾಲಿಗೆ ಇನ್ನೊಂದರ ಮೇಲಿನ ಮಾಲು ಹೋಲಿಸಿದರೆ ನ್ಯಾಯವಲ್ಲ. ಪೇಂಟರ್ ಒಂದೇ ಹೆಸರಿಗೆ ಪಟ್ಟು ಹಿಡಿದರೆ 'ಯಾಕಪ್ಪಾ?' ಅಂತ ಕೇಳಿ. ಕೆಲವು ಡಬ್ಬಿಗಳಲ್ಲಿ ಅವನಿಗೆಂದೇ ಟೋಕನ್ ಇರುತ್ತೆ. ಟೋಕನ್ ತಪ್ಪಲ್ಲ; ಆದರೆ ಅದು ಅವನ ಲೆಕ್ಕ, ನಿಮ್ಮದಲ್ಲ.

ಇನ್ನು ಹೊಳಪು. ಹೊಳೆಯುವ ಬಣ್ಣ ಸಾಮಾನ್ಯವಾಗಿ ಒರೆಸಿದರೆ ತಡೆಯುತ್ತೆ. ಆದರೆ ಕಿಟಕಿಯ ಬೆಳಕು ಅಡ್ಡಲಾಗಿ ಬಿದ್ದಾಗ ಪ್ಲಾಸ್ಟರಿನ ಒಂದೊಂದು ಉಬ್ಬು ತಗ್ಗನ್ನೂ ಊರಿಗೆಲ್ಲ ತೋರಿಸುತ್ತೆ. ಮಂಕು ಬಣ್ಣ, ಅಂದರೆ ಮ್ಯಾಟ್, ಡೊಂಕನ್ನು ಮುಚ್ಚುತ್ತೆ. ಆದರೆ ಅಗ್ಗದ ಮ್ಯಾಟನ್ನು ಒದ್ದೆ ಬಟ್ಟೆಯಿಂದ ಉಜ್ಜಿದ ಕಡೆ ಮಾತ್ರ ಹೊಳೆಯುವ ತೇಪೆ ಉಳಿಯುತ್ತೆ. ಹಾಗಾಗಿ ಅಡುಗೆಮನೆಗೆ, ಮಕ್ಕಳು ಕೈಯಿಡುವ ಗೋಡೆಗೆ ತುಸು ಹೊಳಪಿನದು. ಸೂರಿಗೆ, ಡೊಂಕು ಗೋಡೆಗೆ ಮ್ಯಾಟು.

'ತೊಳೆಯಬಹುದು' ಅಂತ ಎಲ್ಲರೂ ಬರೀತಾರೆ. ನಂಬೋದಕ್ಕೆ ಮೊದಲು ಚಿಕ್ಕ ಡಬ್ಬಿ ತಂದು, ಬಾಗಿಲ ಹಿಂದೆ ಒಂದು ಅಡಿ ಜಾಗ ಬಳಿಯಿರಿ. ಬಣ್ಣ ಒಂದೆರಡು ಗಂಟೆಯಲ್ಲಿ ಮುಟ್ಟಲು ಒಣಗಿದರೂ ಒಳಗೆ ಗಟ್ಟಿಯಾಗೋಕೆ ಮೂರು ನಾಲ್ಕು ವಾರ ಬೇಕು. ಆಮೇಲೆ ಎಣ್ಣೆ, ಅರಿಶಿನ, ಪೆನ್ಸಿಲ್ ಗೀಚಿ, ಸೋಪುನೀರಿನ ಮೆತ್ತನೆ ಬಟ್ಟೆಯಿಂದ ಇಪ್ಪತ್ತು ಸಲ ಒರೆಸಿ. ಕಲೆ ಹೋಗಿ ಬಟ್ಟೆಗೆ ಬಣ್ಣ ಬರದಿದ್ದರೆ ಮಾಲು ಗಟ್ಟಿ. ಅರಿಶಿನದ ನೆರಳು ಸ್ವಲ್ಪ ಉಳಿದರೆ ಬೈಯಬೇಡಿ, ಅದು ಒಳ್ಳೆ ಬಣ್ಣಕ್ಕೂ ಸುಲಭಕ್ಕೆ ಬಿಡೋದಿಲ್ಲ.

ಕೊನೆಯದು ವಾಸನೆ. ಟರ್ಪೆಂಟೈನ್ ಬೆರೆಸುವ ಎಣ್ಣೆ ಬಣ್ಣಕ್ಕಿಂತ ನೀರು ಬೆರೆಸುವ ಎಮಲ್ಷನ್ ವಾಸನೆ ಕಡಿಮೆ. ಆದರೆ ಸುವಾಸನೆ ಬೆರೆಸಿ ಘಾಟು ಮುಚ್ಚುವುದುಂಟು, ಮೂಗನ್ನಷ್ಟೇ ನಂಬಬೇಡಿ. ಗಾಳಿಗೆ ಹಾರುವ ರಾಸಾಯನಿಕಕ್ಕೆ 'ವಿಒಸಿ' ಅನ್ನುತ್ತಾರೆ. ಡಬ್ಬಿ ಮೇಲೆ ಲೀಟರಿಗೆ ಇಷ್ಟು ಗ್ರಾಂ ಅಂತ ಬರೆದಿದ್ದರೆ ಕಡಿಮೆ ಇರುವುದನ್ನು ಆರಿಸಿ. ಸೀಸದ ಮಾತು ಬೇರೆ, ಅದಕ್ಕೆ ವಾಸನೆಯೇ ಇಲ್ಲ. ಕೇಂದ್ರ ಸರ್ಕಾರದ 2016ರ ನಿಯಮದಂತೆ ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು; 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಡಬ್ಬಿ ಮೇಲೆ ಆ ಮಾತು, ತಯಾರಕರ ವಿಳಾಸ ಇಲ್ಲದ ಬಿಡಿ ಬಣ್ಣ ಎಷ್ಟೇ ಅಗ್ಗವಾದರೂ ಬೇಡ. ಹಳೇ ಎಣ್ಣೆ ಬಣ್ಣ ಕೆರೆಯುವಾಗ ಮಕ್ಕಳನ್ನು ದೂರವಿಡಿ. ಒಣಗಿಸಿ ಉಜ್ಜದೆ, ನೀರು ಹಚ್ಚಿ ಉಜ್ಜಿಸಿ. ಪುಡಿಯಲ್ಲಿ ಸೀಸ ಇರಬಹುದು.

ಬಳಿದ ಮೇಲೆ ಎರಡು ಮೂರು ದಿನ ಕಿಟಕಿ ತೆರೆದಿಟ್ಟು, ಕೂಸು, ಉಬ್ಬಸದವರನ್ನು ಬೇರೆ ರೂಮಿನಲ್ಲಿ ಮಲಗಿಸಿ. ಮುಂದಿನ ಸಲ ಅಂಗಡಿಗೆ ಹೋದಾಗ 'ಲೀಟರಿಗೆ ಎಷ್ಟು?' ಬೇಡ. 'ಎರಡು ಕೋಟಿಗೆ ಎಷ್ಟು ಅಡಿ ಬರುತ್ತೆ?' ಅಂತ ಕೇಳಿ. ಅಂಗಡಿಯವನು ಕೂಡಲೇ ಡಬ್ಬಿ ತಿರುಗಿಸಿ ಅಳತೆ ಓದಿ ತೋರಿಸಿದರೆ ವ್ಯಾಪಾರ ಮುಂದುವರಿಸಿ. ಮಾತು ಮರೆಸಿದರೆ ಪಕ್ಕದ ಅಂಗಡಿ ಇದ್ದೇ ಇದೆ.