ಆರು ಓಮ್ ಅರವತ್ತಾದಾಗ

ಹತ್ತನೇ ತರಗತಿಯ ವಿಜ್ಞಾನ ಪತ್ರಿಕೆಯಲ್ಲಿ ಹೀಗೊಂದು ಪ್ರಶ್ನೆ ಇದೆ ಎನ್ನಿ: 6 Ω ಮತ್ತು 3 Ω ರೋಧಕಗಳನ್ನು ಸಮಾಂತರವಾಗಿ ಜೋಡಿಸಿ 6 V ಬ್ಯಾಟರಿಗೆ ಸಂಪರ್ಕಿಸಿದೆ, ಒಟ್ಟು ರೋಧ ಮತ್ತು ಒಟ್ಟು ವಿದ್ಯುತ್ ಪ್ರವಾಹವನ್ನು ಕಂಡುಹಿಡಿಯಿರಿ. ಮೂರು ಅಂಕ. ಶಿಕ್ಷಕಿ ಪತ್ರಿಕೆಯ ಫೋಟೊ ತೆಗೆದು, ಅಕ್ಷರ ಗುರುತಿಸುವ ತಂತ್ರಾಂಶದಿಂದ ಅದನ್ನು ಪಠ್ಯವಾಗಿಸಿ, ಮಾದರಿ ಉತ್ತರ ಬರೆಯಲು ಕೂರುತ್ತಾರೆ.

ಇಂಥ ಹಲವು ತಂತ್ರಾಂಶಗಳು ಮೊದಲು ಚಿತ್ರವನ್ನು ಬರೀ ಕಪ್ಪು ಬಿಳುಪಿಗೆ ಇಳಿಸುತ್ತವೆ. ಫೋನ್ ಹಿಡಿದ ಕೈಯ ನೆರಳು ಹಾಳೆಯ ಮೇಲೆ ಬಿದ್ದಿದ್ದರೆ ಅಲ್ಲಿಯ ಕಾಗದವೂ ಕಪ್ಪಾಗಿಬಿಡಬಹುದು. ಆದ್ದರಿಂದ ಒಳ್ಳೆಯ ತಂತ್ರಾಂಶ ಪ್ರತಿ ಚುಕ್ಕೆಯನ್ನೂ ಅದರ ಸುತ್ತಲಿನ ಬೆಳಕಿನೊಂದಿಗೆ ಹೋಲಿಸಿ ತೀರ್ಮಾನಿಸುತ್ತದೆ. ಆಮೇಲೆ ಓರೆಯನ್ನು ತಿದ್ದಿ, ಸಾಲುಗಳನ್ನು ಬಿಡಿಸುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಇಕ್ಕಟ್ಟಾಗಿ ಅಚ್ಚಾದ ಸಾಲುಗಳಲ್ಲಿ ಒತ್ತು ಕಳಚಿಹೋಗುವುದುಂಟು. ಅಂಥ ತಪ್ಪು ಓದುವವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಬೀಳದೆ ಉಳಿಯುವ ತಪ್ಪೇ ಅಪಾಯಕಾರಿ. ಗುರುತಿಸಲು ಕಲಿಸಿದ ಅಕ್ಷರಗಳಲ್ಲಿ Ω ಇಲ್ಲದಿದ್ದರೆ ತಂತ್ರಾಂಶ ಅದಕ್ಕೆ ಹತ್ತಿರದ ಆಕಾರವನ್ನು ಆರಿಸುತ್ತದೆ. ಆ ಆಕಾರ ಸೊನ್ನೆಯಾದರೆ 6 Ω ಹೋಗಿ 60, 3 Ω ಹೋಗಿ 30 ಆಗುತ್ತದೆ. ಈಗ ಲೆಕ್ಕ ಮಾಡಿ: ಒಟ್ಟು ರೋಧ 20 Ω, ಪ್ರವಾಹ 0.3 A. ಎಷ್ಟು ಅಚ್ಚುಕಟ್ಟಾದ ಉತ್ತರ! ನಿಜವಾದ ಉತ್ತರಗಳು 2 Ω, 3 A. ಉತ್ತರವನ್ನು ಎಷ್ಟು ಸಲ ಪರಿಶೀಲಿಸಿದರೂ ಈ ತಪ್ಪು ಸಿಗದು, ಏಕೆಂದರೆ ಲೆಕ್ಕದಲ್ಲಿ ತಪ್ಪೇ ಇಲ್ಲ. ಸುಳಿವು ಇರುವುದು ಪ್ರಶ್ನೆಯಲ್ಲಿ: ಭೌತವಿಜ್ಞಾನದ ಪ್ರಶ್ನೆಯಲ್ಲಿ ಮಾನವಿಲ್ಲದೆ ನಿಂತ ಸಂಖ್ಯೆ ಕಂಡರೆ ಫೋಟೊಗೆ ಮರಳಬೇಕು. ಉತ್ತರಕ್ಕೆ ಕೈ ಹಾಕುವ ಮೊದಲೇ ಎಲ್ಲ ಸಂಖ್ಯೆ, ಮಾನ, ಘಾತ, ಚಿತ್ರದೊಳಗಿನ ಬರಹಗಳನ್ನು ಮೂಲದೊಂದಿಗೆ ತಾಳೆ ನೋಡುವುದು ಅದಕ್ಕೇ.

ಪ್ರಶ್ನೆ ಸರಿಯಾದ ಮೇಲೆ ಅಂಕ ಹಂಚಿಕೆ. ಮೂರು ಅಂಕವನ್ನು ಆರು ಅರ್ಧಗಳಾಗಿ ಒಡೆಯಬಹುದು. 1/R = 1/R₁ + 1/R₂ ಸೂತ್ರಕ್ಕೆ ½, ಬೆಲೆ ಆದೇಶಿಸಿದ್ದಕ್ಕೆ ½, 2 Ω ಎಂಬ ಉತ್ತರಕ್ಕೆ ½; I = V/R ಸೂತ್ರಕ್ಕೆ, ಆದೇಶಕ್ಕೆ, ಮಾನಸಹಿತ 3 A ಉತ್ತರಕ್ಕೆ ಮತ್ತೆ ತಲಾ ½.

ಇಷ್ಟರಲ್ಲೇ ನಿಲ್ಲಿಸಿದರೆ ಮೌಲ್ಯಮಾಪನದ ಮೇಜಿನಲ್ಲಿ ಜಗಳ ಖಚಿತ. ಒಬ್ಬ ಹುಡುಗಿ ಪ್ರತಿ ರೋಧಕದ ಪ್ರವಾಹವನ್ನು ಬೇರೆಬೇರೆಯಾಗಿ, 1 A ಮತ್ತು 2 A ಎಂದು ಕಂಡು, ಕೂಡಿಸಿ, 6 V ಅನ್ನು 3 A ನಿಂದ ಭಾಗಿಸಿ ರೋಧ ತೆಗೆಯುತ್ತಾಳೆ. ಆ ದಾರಿಗೂ ಪೂರ್ಣ ಅಂಕವೆಂದು ಕೀ ಉತ್ತರದಲ್ಲೇ ಬರೆದಿರಬೇಕು. ಇನ್ನೊಬ್ಬ 1/R = ½ ಎಂಬಲ್ಲಿಯವರೆಗೆ ಸರಿಯಾಗಿ ಬಂದು, ತಲೆಕೆಳಗು ಮಾಡಲು ಮರೆತು, ರೋಧ ½ Ω, ಪ್ರವಾಹ 12 A ಎನ್ನುತ್ತಾನೆ. ಅವನು ತಪ್ಪಿದ್ದು ಒಂದೇ ಹೆಜ್ಜೆ. ಮುಂದಿನದೆಲ್ಲ ತನ್ನ ಬೆಲೆಗೆ ಸರಿಯಾಗಿಯೇ ಮಾಡಿದ್ದಾನೆ. ನನ್ನ ಪ್ರಕಾರ ಅವನಿಗೆ 2½ ಸಲ್ಲಬೇಕು.